ಸಹಾಯ ಬೇಕು: ಕ್ವಿಕ್ ಸಾರ್ಟ್‌ನ ಸ್ಪೇಸ್ ಕಾಲಂನಲ್ಲಿ ಏನು ಬರೆಯಲಿ?

ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಸಾರ್ಟಿಂಗ್, ಸರ್ಚಿಂಗ್ ಚಾರ್ಟ್ ಬರೆದು ಗೋಡೆಗೆ ಅಂಟಿಸೋಣ ಅಂತ ಕೂತೆ. ಬೈನರಿ ಸರ್ಚ್, ಮರ್ಜ್ ಸಾರ್ಟ್ ಸಲೀಸಾಗಿ ಮುಗಿದವು. ಕ್ವಿಕ್ ಸಾರ್ಟ್‌ನ ಟೈಮ್ ಕೂಡ ಸರಿ: ಬೆಸ್ಟ್, ಆವರೇಜ್ `O(n log n)`, ವರ್ಸ್ಟ್ `O(n²)`. ಸ್ಪೇಸ್‌ನಲ್ಲಿ ಸಿಕ್ಕಿಬಿದ್ದೆ. ನನ್ನ ನೋಟ್ಸ್‌ನಲ್ಲಿ `O(log n)`, ಗೆಳತಿಯದರಲ್ಲಿ `O(n)`.

ಕೊನೆಯ ಸಂಖ್ಯೆಯನ್ನೇ ಪಿವಟ್ ಮಾಡಿ ಓಡಿಸಿ ನೋಡಿದೆ. ಕಲಸಿದ 1,000 ಸಂಖ್ಯೆಗೆ ರಿಕರ್ಷನ್ ಆಳ 20ರ ಆಸುಪಾಸು. ಮೊದಲೇ ಜೋಡಿಸಿದ 1,000 ಕೊಟ್ಟರೆ ಸಾವಿರದ ಹತ್ತಿರ! ಹೋಲಿಕೆಗಳು 4,99,500. ಹಾಗಾದರೆ `O(n)` ಅಲ್ವಾ? ಆದರೆ ಚಿಕ್ಕ ಭಾಗಕ್ಕೆ ಮಾತ್ರ ರಿಕರ್ಷನ್ ಕೊಟ್ಟು, ದೊಡ್ಡದನ್ನು ಲೂಪ್‌ನಲ್ಲಿ ಓಡಿಸಿದಾಗ ಆಳ ಏರಲೇ ಇಲ್ಲ. ಹೋಲಿಕೆ ಮಾತ್ರ ಅಷ್ಟೇ ಉಳಿಯಿತು.

ವರ್ಸ್ಟ್ ಸ್ಪೇಸ್‌ಗೆ `O(n)` ಬರೆದು, ಪಕ್ಕದಲ್ಲಿ 'ಚಿಕ್ಕ ಭಾಗಕ್ಕೆ ಮಾತ್ರ ರಿಕರ್ಷನ್ ಆದರೆ `O(log n)`' ಅಂತ ಸೇರಿಸಿದರೆ ಸರಿಯಾ? ಪರೀಕ್ಷೆಯಲ್ಲಿ ಒಂದೇ ಉತ್ತರ ಕೇಳಿದರೆ ಯಾವುದು ಬರೆಯಲಿ?