ಪದಚರ್ಚೆ: ‘ಒಟ್ಟು ಫಲವತ್ತತೆ ದರ’ಕ್ಕೆ ಬೇರೆ ಮಾತು ಇದೆಯೇ?

ಶಹಾಪುರದಿಂದ (ಯಾದಗಿರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರಿಗೆ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ‘2019–21ರಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7, ಇದು ಪ್ರತಿಸ್ಥಾಪನಾ ಮಟ್ಟವಾದ 2.1ಕ್ಕಿಂತ ಕಡಿಮೆ’ ಎಂದು ಅವರ ಮುಂದೆ ಓದಿದೆ. ಒಬ್ಬ ಅಕ್ಕ ತಟ್ಟನೆ ಕೇಳಿದರು: ‘ಮೇಡಂ, ಗೊಬ್ಬರ ಹಾಕಿ ಹಾಕಿ ಹೊಲ ಕೆಟ್ಟಂಗ, ನಮ್ ಹೆಣ್ಮಕ್ಕಳ ಫಲವತ್ತತೆನೂ ಇಳದದ ಅಂತೇನ್ರೀ?’ ನನಗೆ ಉತ್ತರ ಹೊಳೆಯಲಿಲ್ಲ. ಎರಡೂ ಪದಗಳಿಗೆ ಬೇರೆ ಮಾತು ಹೇಳಿ.

ಬೀದರಿನಿಂದ

‘ಜನನ ದರ’ ಎಂದು ಬರೆದುಬಿಡಿ, ಎಲ್ಲರಿಗೂ ಗೊತ್ತಿರುವ ಮಾತು. ಇನ್ನೊಂದಕ್ಕೆ ‘ಮರುಪೂರಣ ಮಟ್ಟ’. ತಂದೆ ತಾಯಿ ಇಬ್ಬರ ಜಾಗಕ್ಕೆ ಇಬ್ಬರು ಮಕ್ಕಳು ಬರಬೇಕು. ಕೆಲವರಿಗೆ ಮಕ್ಕಳೇ ಆಗುವುದಿಲ್ಲ, ಅದಕ್ಕೇ ಆ ಮೇಲಿನ 0.1. ಯಾದಗಿರಿಯದೂ 1.7 ಎಂದೇ ಹಾಕಬಹುದು.

ಕಲಬುರಗಿಯಿಂದ

ನಾನು ಭಾಷೆಯವಳಲ್ಲ, ಸುಮ್ನೆ ಓದುತ್ತಿರುತ್ತೇನೆ. ಆದರೆ ಈ ಪದ ನನಗೂ ಚುಚ್ಚುತ್ತದೆ. ಮದುವೆಯಾಗಿ ಒಂಬತ್ತು ವರ್ಷ ಊರಿನ ಆಸ್ಪತ್ರೆಗಳ ‘ಫಲವತ್ತತೆ ಕೇಂದ್ರ’ ಎಂಬ ಬೋರ್ಡುಗಳ ಕೆಳಗೆ ಕೂತವಳು ನಾನು. ಅಲ್ಲಿ ಆ ಪದಕ್ಕೆ ಅರ್ಥ ಒಂದೇ, ಮಕ್ಕಳಾಗುತ್ತದೋ ಇಲ್ಲವೋ. 1.7 ಎಂದರೆ ನನ್ನಂಥವರು ಜಾಸ್ತಿಯಾಗಿದ್ದಾರೆ ಎಂದೇ ನಾನೂ ತಿಳಿದಿದ್ದೆ. ಹಾಗಲ್ವಾ?

ಕಲಬುರಗಿಯಿಂದ, ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ

ತಂಗೀ, ಹಾಗಲ್ಲ. ಗೊಂದಲ ಹುಟ್ಟಿಸಿದ್ದು ಪದ. ಈ ದರ ಹಡೆಯುವ ಶಕ್ತಿಯನ್ನು ಅಳೆಯುವುದೇ ಇಲ್ಲ, ಹುಟ್ಟಿದ ಮಕ್ಕಳನ್ನು ಎಣಿಸುತ್ತದೆ. ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಂಡವರಿಂದಲೂ ಅದು ಇಳಿಯುತ್ತದೆ.

ಬೀದರಿನವರ ‘ಜನನ ದರ’ ಬೇರೆಯದೇ ಲೆಕ್ಕ. ಅದು ಸಾವಿರ ಜನಕ್ಕೆ ವರ್ಷದಲ್ಲಿ ಎಷ್ಟು ಮಕ್ಕಳು ಎಂಬುದು. ಮುದುಕರು, ಗಂಡಸರು ಎಲ್ಲ ಅದರಲ್ಲಿ ಬರುತ್ತಾರೆ. ನಮ್ಮದು ಹೆಂಗಸರ ವಯಸ್ಸಿನ ಮೇಲೆ ನಿಂತ ಲೆಕ್ಕ. ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ವರ್ಷಕ್ಕೆ ಸಾವಿರ ಹೆಂಗಸರಿಗೆ 15–19ರಲ್ಲಿ 40 ಮಕ್ಕಳು, 20–24ರಲ್ಲಿ 140, 25–29ರಲ್ಲಿ 110, 30–34ರಲ್ಲಿ 40, 35–39ರಲ್ಲಿ 10, ಆಮೇಲೆ ಇಲ್ಲವೆನ್ನಿ. ಕೂಡಿದರೆ 340. ಒಂದೊಂದು ಗುಂಪಿನಲ್ಲೂ ಹೆಣ್ಣು ಐದು ವರ್ಷ ಇರುತ್ತಾಳೆ, ಹಾಗಾಗಿ ಐದರಿಂದ ಗುಣಿಸಿ. ಸಾವಿರ ಹೆಂಗಸರಿಗೆ 1700, ಒಬ್ಬಳಿಗೆ 1.7. ಇವತ್ತಿನ ದರಗಳೇ ಅವಳ ಬದುಕಿನುದ್ದಕ್ಕೂ ನಡೆದರೆ ಎಂಬ ಊಹೆ ಇದು. ಯಾವ ತಾಯಿಯೂ ನಿಜವಾಗಿ ಹಡೆದ ಲೆಕ್ಕವಲ್ಲ. ಹುಡುಗಿಯರು ಮದುವೆ ಮುಂದೂಡಿದರೆ ಕೆಲ ವರ್ಷ ದರ ತಾನೇ ಕುಸಿದಂತೆ ಕಾಣುತ್ತದೆ.

2.1 ಬರುವುದು ಮಕ್ಕಳಿಲ್ಲದವರಿಂದಲ್ಲ. ಅವರೂ ಆಗಲೇ ಸರಾಸರಿಯೊಳಗೆ ಇದ್ದಾರೆ. ಎಣಿಸಬೇಕಾದ್ದು ತಾಯಿಯ ಜಾಗಕ್ಕೆ ಬರುವ ಮಗಳನ್ನು. 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ, ಅಂದರೆ ಒಂದು ಹೆಣ್ಣು ಬೇಕಾದರೆ 2.05 ಮಕ್ಕಳು. 100 ಹೆಣ್ಣುಮಕ್ಕಳಲ್ಲಿ 97 ಜನ ಹಡೆಯುವ ವಯಸ್ಸು ಮುಟ್ಟುತ್ತಾರೆ ಎಂದುಕೊಂಡರೆ, 2.05ನ್ನು 0.97ರಿಂದ ಭಾಗಿಸಿ. 2.11. ಹೆಣ್ಣುಭ್ರೂಣ ತೆಗೆಸುವ ಕಡೆ 110 ಗಂಡು ಹುಟ್ಟಿದರೆ ಅದೇ 2.16 ಆಗುತ್ತದೆ. 2.1 ಎಲ್ಲ ಕಡೆಗೂ ಒಂದೇ ಅಲ್ಲ.

ಇನ್ನು ಯಾದಗಿರಿಗೆ 1.7 ಹಾಕಬೇಡಿ. ಅದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ರಾಜ್ಯದ ಅಂಕಿ. ಅದರ ಜಿಲ್ಲಾ ಹಾಳೆಯಲ್ಲಿ ಈ ದರವೇ ಇಲ್ಲ. ಇರುವುದು ಮೂರನೆಯ ಅಥವಾ ಅದಕ್ಕೂ ಮೇಲಿನ ಹೆರಿಗೆಗಳ ಶೇಕಡಾವಾರು. ಅದನ್ನು ಹಾಕಿ.

ಬೀದರಿನಿಂದ

ಜನನ ದರ ವಾಪಸ್ ತಗೊಂಡೆ. ‘ಮರುಪೂರಣ’ ಬಿಡುವುದಿಲ್ಲ.

ಶಹಾಪುರದಿಂದ

ಇಲ್ಲಿ ಮರುಪೂರಣ ಎಂದರೆ ಬೋರ್‌ವೆಲ್ ನೆನಪಾಗುತ್ತದೆ ಸರ್. ನನಗೆ ‘ಸರಿದೂಗುವ ಮಟ್ಟ’ ಹಿಡಿಸಿತು. ಮೊದಲನೆಯದಕ್ಕೆ ‘ತಾಯಿಗೆ 1.7 ಮಕ್ಕಳು’ ಎಂದು ಬರೆಯಲೇ?

ನಿವೃತ್ತ ಅಧ್ಯಾಪಕ

‘ತಾಯಿಗೆ’ ಬೇಡ, ‘ಹೆಣ್ಣಿಗೆ’ ಎನ್ನಿ. ತಾಯಿಯಾಗದವರೂ ಲೆಕ್ಕದಲ್ಲಿದ್ದಾರೆ.

‘ಸರಿದೂಗುವ’ದಲ್ಲೂ ಒಂದು ತೊಡಕಿದೆ. ಜನಸಂಖ್ಯೆ ಅಲ್ಲಿಗೆ ನಿಂತಿತು ಎಂದು ಕೇಳಿಸುತ್ತದೆ. ನಮ್ಮ ರಾಜ್ಯ 2005–06ರಲ್ಲೇ 2.1ರ ಹತ್ತಿರ ಬಂದಿತ್ತು, ಆದರೂ ಬೆಳೆಯುವುದು ನಿಲ್ಲಲಿಲ್ಲ. ಹೆಂಗಸರನ್ನಷ್ಟೇ ಎಣಿಸಿ ನೋಡಿ. ಒಂದು ಓಣಿಯಲ್ಲಿ 20 ಅಜ್ಜಿಯರು, 60 ತಾಯಂದಿರು ಇದ್ದಾರೆ. ಒಬ್ಬೊಬ್ಬ ತಾಯಿಗೆ ಒಂದೇ ಮಗಳಾದರೂ ಹುಟ್ಟಿದವರು 60, ತೀರಿಕೊಂಡವರು 20. ಹಿಂದೆ ಜಾಸ್ತಿ ಹಡೆದ ಕಾಲದ ಹೆಣ್ಣುಮಕ್ಕಳು ಈಗ ಹಡೆಯುವ ವಯಸ್ಸಿನಲ್ಲಿದ್ದಾರೆ. ಅವರ ಸರದಿ ಮುಗಿಯಬೇಕು. 1.7 ಹಾಗೇ ಉಳಿದರೆ 1000 ಹೆಂಗಸರ ಜಾಗಕ್ಕೆ ಬರುವ ಹೆಣ್ಣುಮಕ್ಕಳು ಸುಮಾರು 800. ಆಗ ಇಳಿಕೆ ಶುರು.

ಅದೂ ಯಾರೂ ಊರು ಬಿಡದಿದ್ದರೆ. ಬೆಂಗಳೂರು, ಪುಣೆಗೆ ದುಡಿಯಲು ಹೋಗುವ ಯಾದಗಿರಿಯಲ್ಲಿ ಬಸ್ ಸ್ಟ್ಯಾಂಡಿನ ಲೆಕ್ಕ ಈ ದರದೊಳಗೆ ಬರುವುದಿಲ್ಲ.

ಕಲಬುರಗಿಯಿಂದ

‘ಹೆಣ್ಣಿಗೆ’ ಎಂದದ್ದು ಚಂದಾಯ್ತು ಸರ್.

ಶಹಾಪುರದಿಂದ

‘2019–21ರ ಲೆಕ್ಕದಲ್ಲಿ ಹೆಣ್ಣಿಗೆ 1.7 ಮಕ್ಕಳು’ ಎಂದು ತಿದ್ದಿದೆ. ‘ಸರಿದೂಗುವ’ದರ ಮುಂದೆ ‘ತಾಯಿ–ಮಗಳು’ ಸೇರಿಸಿದರೆ ತಪ್ಪು ಅರ್ಥ ತಪ್ಪುತ್ತದಾ? ಗುರುವಾರ ಪ್ರಿಂಟಿಗೆ ಕೊಡಬೇಕು.