ಸಹಾಯ ಬೇಕು: ಎಫ್‌ಡಿಯಲ್ಲಿ 7.25% ಮತ್ತು 8.65%, ಯಾವುದು ನಿಜ?

ನಮಸ್ಕಾರ. ಅಪ್ಪನ ನಿವೃತ್ತಿ ಹಣದಲ್ಲಿ 1 ಲಕ್ಷ ರೂಪಾಯಿಯನ್ನು 5 ವರ್ಷ ಎಫ್‌ಡಿ ಇಡಬೇಕು. ಒಂದು ಬ್ಯಾಂಕಿನ ಕರಪತ್ರದಲ್ಲಿ ಬಡ್ಡಿ 7.25%, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಅಂತಿದೆ. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ‘ಯೀಲ್ಡ್ 8.65%’.

ಲೆಕ್ಕ ಹಾಕಿದೆ. ಮೂರು ತಿಂಗಳಿಗೆ 1.8125%. ವರ್ಷಕ್ಕೆ ನಾಲ್ಕು ಸಲ ಸೇರಿದರೆ 7.45% ಮಾತ್ರ. 5 ವರ್ಷಕ್ಕೆ ಕೈಗೆ ಬರುವುದು ಸುಮಾರು 1,43,226. ಬಡ್ಡಿ 43,226 ಅನ್ನು ಸುಮ್ನೆ 5ರಿಂದ ಭಾಗಿಸಿದರೆ 8,645. ಅವರ 8.65% ಬಂದಿದ್ದು ಹೀಗೇ ಅಲ್ವಾ? ಅವಧಿ ಜಾಸ್ತಿ ಆದಷ್ಟೂ ಈ ಅಂಕಿ ಉಬ್ಬುತ್ತದೆ!

ಇನ್ನೊಂದು ಕಡೆ 7.4%, ಆದರೆ ವರ್ಷಕ್ಕೊಮ್ಮೆ ಮಾತ್ರ ಚಕ್ರಬಡ್ಡಿ. ಹಾಗಾದರೆ 7.25%ದೇ ಕೂದಲೆಳೆಯಷ್ಟು ಮುಂದೆ, ಸರೀನಾ? ಅಪ್ಪ ಮೂರು ತಿಂಗಳಿಗೊಮ್ಮೆ ಬಡ್ಡಿ ಬಿಡಿಸಿಕೊಂಡು ಖರ್ಚು ಮಾಡಿದರೆ 1,812 ರೂಪಾಯಿಯಷ್ಟೇ ಸಿಗುತ್ತದೆ, ಬಡ್ಡಿಗೆ ಬಡ್ಡಿ ಇಲ್ಲ, ಹೌದಾ? ಗೊತ್ತಿದ್ದವರು ತಿಳಿಸಿ.