ಜಿರಾ 312 ಅನ್ನುತ್ತೆ, ಫಿಲ್ಟರ್ 173 ಅನ್ನುತ್ತೆ: ಸ್ಪಾನ್ಸರ್‌ಗೆ ಕೊಡುವ ಕ್ಲೋಶರ್ ರಿಪೋರ್ಟ್

ರಶ್ಮಿ: ಗೋದಾಮಿನ ದಾಸ್ತಾನು ತಂತ್ರಾಂಶದ ಪ್ರಾಜೆಕ್ಟ್ ಈ ತಿಂಗಳ ಕೊನೆಗೆ ಮುಗಿಯುತ್ತೆ. ಗ್ರಾಹಕ ಕಂಪನಿಯ ಫೈನಾನ್ಸ್ ಮುಖ್ಯಸ್ಥರೇ ಸ್ಪಾನ್ಸರ್. ಜಿರಾ ಬೋರ್ಡ್ ಪ್ರಕಾರ 312 ಟಿಕೆಟ್ ಮುಗಿದಿವೆ, ನಮ್ಮ ಲೀಡ್ ಕೊಟ್ಟ ಫಿಲ್ಟರ್‌ನಲ್ಲಿ 173 ಬರುತ್ತೆ. ಯಾವುದನ್ನು ಬರೆಯಲಿ? ತೆರೆದೇ ಇರುವ 23 ಟಿಕೆಟ್‌ಗಳನ್ನು "ಮುಂದೂಡಿದ್ದು" ಅಂತ ಒಟ್ಟಿಗೆ ಹಾಕಬಹುದಾ? ಕಲಿತ ಪಾಠಗಳಲ್ಲಿ ಅವರ ಕಡೆಯ ವಿಳಂಬವನ್ನೂ ಬರೆಯಬೇಕಾ?

ಪ್ರವೀಣ್: ಫಿಲ್ಟರ್ ಸಂಖ್ಯೆಯೇ ಸರಿ. ಬೋರ್ಡ್ ಎಲ್ಲವನ್ನೂ ಎಣಿಸುತ್ತೆ, ಮಾಡದೇ ಮುಚ್ಚಿದ್ದನ್ನೂ. 173 ಬರೆದು ಎಕ್ಸೆಲ್ ಲಗತ್ತಿಸಿ, ಮುಗೀತು.

ಶ್ರೀನಿವಾಸ್: ಪ್ರವೀಣ್ ಹೇಳಿದ್ದರಲ್ಲಿ ಅರ್ಧ ನಿಜ. ಬೋರ್ಡ್ ಹೆಚ್ಚು ಹೇಳುತ್ತೆ, ಸರಿ. ಆದರೆ ಫಿಲ್ಟರ್ ಕಡಿಮೆ ಹೇಳುತ್ತಿರಬಹುದು. ರಶ್ಮಿಯವರೇ, ಲೀಡ್ ಕೊಟ್ಟದ್ದು ಹೀಗಿದೆಯಾ ನೋಡಿ:

```
project = WMS AND statusCategory = Done
AND issuetype in standardIssueTypes()
AND resolution not in ("Won't Do", Duplicate)
```

ಇದರಲ್ಲಿ ಒಂದು ಗುಂಡಿ ಇದೆ. `not in` ಬರೆದಾಗ ಆ ಫೀಲ್ಡ್ ಖಾಲಿ ಇರುವ ಟಿಕೆಟ್‌ಗಳನ್ನೂ ಜಿರಾ ಬಿಟ್ಟುಬಿಡುತ್ತೆ. ವರ್ಕ್‌ಫ್ಲೋದಲ್ಲಿ ಟಿಕೆಟ್ ಮುಚ್ಚುವಾಗ ರೆಸಲ್ಯೂಶನ್ ತುಂಬುವ ವ್ಯವಸ್ಥೆ ಮಾಡಿರದಿದ್ದರೆ, ಕೆಲಸ ಮುಗಿದು ಬಳಕೆಯಲ್ಲಿರುವ ಟಿಕೆಟ್ ಕೂಡ ಲೆಕ್ಕದಿಂದ ಜಾರಿಹೋಗುತ್ತೆ. ಅವನ್ನು ಹುಡುಕಲು ಮೂರನೇ ಸಾಲಿನ ಬದಲು `AND resolution is EMPTY` ಹಾಕಿ ಓಡಿಸಿ. ಹಾಗೇ ಸಬ್‌ಟಾಸ್ಕ್‌ಗಳು ಎಷ್ಟು ಅಂತಲೂ ನೋಡಿ, ಬೋರ್ಡ್ ಸಂಖ್ಯೆ ಉಬ್ಬುವುದು ಹೆಚ್ಚಾಗಿ ಅವುಗಳಿಂದಲೇ.

ರಶ್ಮಿ: ಫಿಲ್ಟರ್ ಅದೇ ಸರ್. ನೋಡಿದೆ: ಸಬ್‌ಟಾಸ್ಕ್ 96. ಉಳಿದವುಗಳಲ್ಲಿ `Won't Do` 19, `Duplicate` 11, ಖಾಲಿ 13.

ಶ್ರೀನಿವಾಸ್: ಹಾಗಾದರೆ ಲೆಕ್ಕ ಕೂಡಿತು. 312ರಲ್ಲಿ 96 ಕಳೆದರೆ 216, ಅದರಲ್ಲಿ 30 ಕಳೆದರೆ 186. ಫಿಲ್ಟರ್‌ನ 173ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಆ ಖಾಲಿ 13. ಅವನ್ನು ಮಾತ್ರ ಒಂದೊಂದಾಗಿ ತೆರೆದು, ಬಿಡುಗಡೆಯಾದ ಆವೃತ್ತಿಯಲ್ಲಿ ಇದೆಯಾ, ಬಳಕೆದಾರರು ಪರೀಕ್ಷಿಸಿ ಒಪ್ಪಿದ್ದಾರಾ ನೋಡಿ. ಅದಕ್ಕೆ ಅರ್ಧ ದಿನ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಆ ಸಂಖ್ಯೆಯನ್ನು ಮೊದಲ ಪುಟಕ್ಕೆ ಹಾಕಬೇಡಿ. ಫೈನಾನ್ಸ್‌ನವರು ದುಡ್ಡು ಮಂಜೂರು ಮಾಡಿದ್ದು ಸಹಿಯಾದ ಸ್ಕೋಪ್ ನೋಡಿ, ಟಿಕೆಟ್ ನೋಡಿ ಅಲ್ಲ. ಸ್ಕೋಪ್‌ನಲ್ಲಿ 14 ಅಂಶ ಇದ್ದರೆ ಕೋಷ್ಟಕದಲ್ಲೂ 14 ಸಾಲು, ಅದೇ ಕ್ರಮ, ಅದೇ ಹೆಸರು. ಪ್ರತಿ ಸಾಲಿಗೆ ಬಂತೋ ಇಲ್ಲವೋ, ಯಾವ ದಿನದಿಂದ ಬಳಕೆಯಲ್ಲಿದೆ, ಯಾರು ಒಪ್ಪಿ ಸಹಿ ಮಾಡಿದರು. ಟಿಕೆಟ್ ಪಟ್ಟಿ ಅನುಬಂಧಕ್ಕೆ ಹೋಗಲಿ, ಪ್ರತಿ ಟಿಕೆಟ್ ಎದುರು ಸ್ಕೋಪ್ ಸಾಲಿನ ಸಂಖ್ಯೆ ಇರಲಿ. ಯಾವ ಸಾಲಿಗೂ ಸೇರದ ಟಿಕೆಟ್‌ಗಳು ಉಳಿದರೆ ಅವು ನಡುವೆ ಬಂದ ಹೆಚ್ಚುವರಿ ಕೆಲಸ. ಅದಕ್ಕೆ ಚೇಂಜ್ ರಿಕ್ವೆಸ್ಟ್ ಇದೆಯಾ ಅಂತ ಸ್ಪಾನ್ಸರ್ ಕೇಳುವ ಮೊದಲು ನೀವೇ ನೋಡಿಕೊಂಡಿರಬೇಕು.

ನಾಗವೇಣಿ: ನಮ್ಮದು ಕಟ್ಟಡ ಕಾಮಗಾರಿ. ಕೆಲಸ ಮುಗಿದ ಪ್ರಮಾಣಪತ್ರ ಸಿಕ್ಕ ಮೇಲೂ ದೋಷ ಸರಿಪಡಿಸುವ ಅವಧಿ ಅಂತ ಇರುತ್ತೆ, ಅದು ಮುಗಿಯೋವರೆಗೆ ಠೇವಣಿ ದುಡ್ಡು ಬಿಡೋದಿಲ್ಲ. ನಿಮ್ಮ 23 ಅಂದರೆ ಅಂಥದ್ದೇ ಅಲ್ವಾ? ಪುಕ್ಕಟೆ ಮಾಡಿಕೊಡಬೇಕಾದ್ದು?

ಶ್ರೀನಿವಾಸ್: ಎಲ್ಲವೂ ಅಲ್ಲ ಮೇಡಂ. ಆದರೆ ನಿಮ್ಮ ಪ್ರಶ್ನೆಯನ್ನೇ ಅವರ ಸ್ಪಾನ್ಸರ್ ಕೂಡ ಕೇಳುತ್ತಾರೆ. 23ನ್ನು ಒಂದೇ ಬುಟ್ಟಿಗೆ ಹಾಕಬಾರದು ಅನ್ನುವುದು ಅದಕ್ಕೇ. ಕೊಟ್ಟ ಕೆಲಸದಲ್ಲೇ ಉಳಿದ ದೋಷವಾದರೆ ವಾರಂಟಿಯಲ್ಲಿ ಸರಿಮಾಡಿಕೊಡಬೇಕು, ಖರ್ಚು ನಮ್ಮದು. ಇಬ್ಬರೂ ಒಪ್ಪಿ ಮುಂದಕ್ಕೆ ಹಾಕಿದ್ದಾದರೆ ಅದು ಮುಂದೂಡಿದ್ದು, ದುಡ್ಡಿನ ಮಾತು ಬೇರೆ ಆಗಬೇಕು. ಇನ್ನು ಬೇಡವೇ ಬೇಡ ಅಂತ ಬಿಟ್ಟದ್ದನ್ನು ಮುಚ್ಚಿ, ಯಾರು ಯಾವಾಗ ಬೇಡ ಅಂದರು ಅಂತ ಬರೆದಿಡಿ. ದೋಷವನ್ನು "ಮುಂದೂಡಿದ್ದು" ಅಂತ ತೋರಿಸಿದರೆ ಫೈನಾನ್ಸ್‌ನವರಿಗೆ ಅದು ಹೊಸ ಬಿಲ್‌ಗೆ ಪೀಠಿಕೆ ಹಾಗೆ ಕಾಣುತ್ತೆ.

ರಶ್ಮಿ: ವಿಂಗಡಿಸಿದೆ: ದೋಷ 9, ಮುಂದೂಡಿದ್ದು 8, ಬಿಟ್ಟದ್ದು 6. ಆ ಖಾಲಿ 13ರಲ್ಲಿ 2 ಟಿಕೆಟ್ ಕೆಲಸವೇ ಆಗದೆ ಮುಚ್ಚಿದ್ದವು, ಹಾಗಾಗಿ ಕೊಟ್ಟದ್ದು 184. ಮುಂದೂಡಿದ್ದರಲ್ಲಿ ದೊಡ್ಡದು ಇ-ವೇ ಬಿಲ್ ತಾನಾಗಿ ತಯಾರಾಗೋದು. ಅದನ್ನು "ಎರಡನೇ ಹಂತ" ಅಂತ ಬರೆದರೆ ಸಾಲದಾ?

ಶ್ರೀನಿವಾಸ್: ಎರಡನೇ ಹಂತಕ್ಕೆ ಮಂಜೂರಾತಿ ಆಗಿದೆಯಾ? ಆಗಿರದಿದ್ದರೆ ಆ ಪದ ಬೇಡ, ಕೊಡುತ್ತೇವೆ ಅಂತ ಮಾತು ಕೊಟ್ಟ ಹಾಗಾಗುತ್ತೆ. ಈಗ ಹೇಗೆ ನಡೆಯುತ್ತಿದೆ, ದಿನಕ್ಕೆ ಎಷ್ಟು ಬಿಲ್?

ರಶ್ಮಿ: ಗೋದಾಮಿನ ಗುಮಾಸ್ತರು ಪೋರ್ಟಲ್‌ನಲ್ಲಿ ಕೈಯಾರೆ ತುಂಬುತ್ತಾರೆ. ದಿನಕ್ಕೆ ಸುಮಾರು 20, ಒಂದಕ್ಕೆ 4 ನಿಮಿಷ.

ಶ್ರೀನಿವಾಸ್: ಹಾಗಾದರೆ ಹೀಗೆ ಬರೆಯಿರಿ:

"ಇ-ವೇ ಬಿಲ್ ತಾನಾಗಿ ತಯಾರಾಗುವ ಸೌಲಭ್ಯ (WMS-218). ಪೋರ್ಟಲ್ ಜೋಡಣೆಗೆ ಬೇಕಾದ ಅನುಮತಿ ಬಾರದ ಕಾರಣ ಆಗಸ್ಟ್ 8ರ ಸ್ಟಿಯರಿಂಗ್ ಸಭೆಯಲ್ಲಿ ಮುಂದೂಡಲಾಯಿತು. ಸದ್ಯ ಕೈಯಿಂದ ತುಂಬಲಾಗುತ್ತಿದೆ: ದಿನಕ್ಕೆ ಸುಮಾರು 80 ನಿಮಿಷ, ವಾಹನ ಸಂಖ್ಯೆ ತಪ್ಪಾಗುವ ಸಾಧ್ಯತೆ ಇದೆ. ಅಂದಾಜು ಕೆಲಸ 12 ಮಾನವ ದಿನ. ಮುಂದಿನ ಹೊಣೆ: ಗ್ರಾಹಕ ಕಂಪನಿಯ ಲಾಜಿಸ್ಟಿಕ್ಸ್ ವಿಭಾಗದ ಮುಖ್ಯಸ್ಥರು. ಬೇಕೋ ಬೇಡವೋ ತೀರ್ಮಾನ: ಅಕ್ಟೋಬರ್ 31ರೊಳಗೆ."

ದಿನಾಂಕ, ಅಂದಾಜು ನಿಮ್ಮವು ಹಾಕಿಕೊಳ್ಳಿ. 80 ನಿಮಿಷ ಕಂಡಾಗ ಅದಕ್ಕೆ ದುಡ್ಡು ಹಾಕಬೇಕೋ ಬೇಡವೋ ಅಂತ ಅವರೇ ಲೆಕ್ಕ ಹಾಕುತ್ತಾರೆ. ಹೊಣೆ ಹೊರುವವರು ಪ್ರಾಜೆಕ್ಟ್ ಮುಗಿದ ಮೇಲೂ ಅಲ್ಲಿ ಇರುವವರಾಗಬೇಕು. ನಿಮ್ಮ ತಂಡದವರ ಹೆಸರು ಹಾಕಿದರೆ ಮುಂದಿನ ತಿಂಗಳು ಅವರು ಬೇರೆ ಪ್ರಾಜೆಕ್ಟ್‌ನಲ್ಲಿರುತ್ತಾರೆ, ಆ ಸಾಲು ಅನಾಥ.

ಪ್ರವೀಣ್: ಪಾಠಗಳ ಭಾಗ ಯಾರೂ ಓದಲ್ಲ. "ಸಂವಹನ ಇನ್ನೂ ಚೆನ್ನಾಗಿರಬೇಕಿತ್ತು" ಅಂತ ಎರಡು ಸಾಲು ಸಾಕು.

ಶ್ರೀನಿವಾಸ್: ಹಾಗೆ ಬರೆಯುವುದಕ್ಕೇ ಯಾರೂ ಓದುವುದಿಲ್ಲ. ರಶ್ಮಿಯವರೇ, ಗೋ-ಲೈವ್ ತಡವಾಯಿತಾ?

ರಶ್ಮಿ: 11 ದಿನ. ಆರಂಭಿಕ ದಾಸ್ತಾನಿನಲ್ಲಿ ಕೆಲವು ಸರಕು ಪೆಟ್ಟಿಗೆ ಲೆಕ್ಕದಲ್ಲಿ, ಕೆಲವು ಬಿಡಿ ಲೆಕ್ಕದಲ್ಲಿ ಇತ್ತು. ಪರೀಕ್ಷೆಗೆ ನಾವು ಕೃತಕ ಡೇಟಾ ಬಳಸಿದ್ದರಿಂದ ಮೊದಲೇ ಗೊತ್ತಾಗಲಿಲ್ಲ. ಅದಲ್ಲದೆ ಸರಕು ಪಟ್ಟಿ ಕೇಳಿದ್ದು ಜೂನ್ 3, ಅವರಿಂದ ಬಂದದ್ದು ಜೂನ್ 24.

ಶ್ರೀನಿವಾಸ್: ಅದನ್ನೇ ಬರೆಯಿರಿ. ಏನಾಯಿತು, ಯಾಕೆ, ಎಷ್ಟು ದಿನ ಹೋಯಿತು, ಇನ್ನು ಮುಂದೆ ಯಾವ ಕಾಗದದಲ್ಲಿ ಏನು ಬದಲಾಗುತ್ತೆ. ಇಲ್ಲಿ ಬದಲಾವಣೆ ಅಂದರೆ, ಬಳಕೆದಾರರ ಪರೀಕ್ಷೆಗೆ ಒಂದು ಪೂರ್ತಿ ತಿಂಗಳ ನಿಜವಾದ ಡೇಟಾ ಇಲ್ಲದೆ ಪರೀಕ್ಷೆ ಶುರುವಾಗದು ಅಂತ ಯೋಜನೆಯಲ್ಲೇ ಷರತ್ತು. ಅವರ ಕಡೆಯ ವಿಳಂಬವನ್ನು ಬಿಡಬೇಡಿ, ಆದರೆ ಎರಡು ದಿನಾಂಕ ಬರೆದು ಸುಮ್ಮನಾಗಿ. "ಗ್ರಾಹಕರ ನಿರ್ಲಕ್ಷ್ಯ" ಅಂತ ಬರೆದರೆ ಜಗಳ ಆ ಪದದ ಮೇಲೆ ನಡೆಯುತ್ತೆ, 21 ದಿನ ಮರೆತುಹೋಗುತ್ತೆ. ನಿಮ್ಮ ಕಡೆಯ ತಪ್ಪು, ಅಂದರೆ ಕೃತಕ ಡೇಟಾ, ಮೊದಲು ಬರಲಿ. ಕಳಿಸುವ ಎರಡು ದಿನ ಮುಂಚೆ ಆ ಪುಟವನ್ನು ಸ್ಪಾನ್ಸರ್‌ಗೆ ಖುದ್ದಾಗಿ ತೋರಿಸಿಬಿಡಿ.

ರಶ್ಮಿ: ಇನ್ನೊಂದು. 14ರಲ್ಲಿ 9ನೇ ಸಾಲು, ಮೂರು ಗೋದಾಮಿನ ಸರಕು ವರ್ಗಾವಣೆ ವರದಿ, ಎರಡು ಗೋದಾಮಿಗೆ ಮಾತ್ರ ಬರುತ್ತೆ. ಇದು "ಕೊಟ್ಟದ್ದು"ವಿಗೆ ಸೇರುತ್ತಾ?

ಪ್ರವೀಣ್: "ಭಾಗಶಃ" ಅಂತ ಹಾಕಿ, ಸತ್ಯ ಅದೇ ತಾನೆ.

ಶ್ರೀನಿವಾಸ್: ನಾನಾದರೆ ಸಾಲನ್ನೇ ಒಡೆಯುತ್ತೇನೆ: ಎರಡು ಗೋದಾಮು ಕೊಟ್ಟದ್ದು, ಮೂರನೆಯದು ಬಾಕಿ, ಅದಕ್ಕೊಂದು ದಿನಾಂಕ. "ಭಾಗಶಃ" ಅಂದರೆ ಎಷ್ಟು ಅಂತ ಆರು ತಿಂಗಳ ನಂತರ ಇಬ್ಬರಿಗೂ ನೆನಪಿರೋದಿಲ್ಲ.

ಪ್ರವೀಣ್: ಒಡೆದರೆ ಸ್ಕೋಪ್‌ನಲ್ಲಿ 14, ವರದಿಯಲ್ಲಿ 15. ಅದೇ ಕ್ರಮ, ಅದೇ ಹೆಸರು ಅಂತ ನೀವೇ ಹೇಳಿದ್ದು.

ಶ್ರೀನಿವಾಸ್: ಹೌದು, ಅಲ್ಲಿ ಹಿಡಿದಿರಿ. 9ಅ, 9ಆ ಅಂತ ಹಾಕಬಹುದೇನೋ. ಒಪ್ಪಂದದಲ್ಲಿ ಕೊನೆಯ ಕಂತು ಆ ಸಾಲಿಗೇ ಕಟ್ಟಿಕೊಂಡಿದ್ದರೆ ಅದೂ ನಡೆಯದು. ರಶ್ಮಿಯವರೇ, ಕಂತಿನ ಷರತ್ತು ಏನಿದೆ?

ರಶ್ಮಿ: ಒಪ್ಪಂದದ ಪ್ರತಿ ಅಕೌಂಟ್ಸ್‌ನವರ ಹತ್ತಿರ ಇದೆ. ಸೋಮವಾರ ನೋಡಿ ಹೇಳ್ತೀನಿ.